ಒಂದೂವರೆ ತಿಂಗಳ ಸೂಜಿ ಯಾವತ್ತು? ಮಗುವಿನ ಲಸಿಕೆ ದಿನ ಲೆಕ್ಕ ಹಾಕೋದು ಹೀಗೆ

ಆವರಗೆರೆ: ಮಗು ಹುಟ್ಟಿದ ಮನೆಯಲ್ಲಿ ತಾಯಿ ಕಾರ್ಡ್ ಇರುತ್ತೆ, ಗೋಡೆ ಮೇಲೆ ಕ್ಯಾಲೆಂಡರೂ ಇರುತ್ತೆ. ಆದರೂ ಲಸಿಕೆ ದಿನ ತಪ್ಪುತ್ತೆ. ಕಾರಣ ಸರಳ. ಕಾರ್ಡಿನಲ್ಲಿ ಮೊದಲ ಮೂರು ಭೇಟಿಗೆ ವಾರದ ಲೆಕ್ಕ, ಆಮೇಲೆ ತಿಂಗಳ ಲೆಕ್ಕ. ಮನೆಯಲ್ಲಿ ಮಾತ್ರ ಎಲ್ಲದಕ್ಕೂ ತಿಂಗಳ ಲೆಕ್ಕವೇ: ಒಂದೂವರೆ ತಿಂಗಳ ಸೂಜಿ, ಎರಡೂವರೆ ತಿಂಗಳ ಸೂಜಿ, ಮೂರೂವರೆ ತಿಂಗಳ ಸೂಜಿ, ಆಮೇಲೆ ಒಂಬತ್ತರದ್ದು. ಈ ಎರಡು ಲೆಕ್ಕ ಒಂದೇ ಅಲ್ಲ.

ಹುಟ್ಟಿದಾಗ ಆಸ್ಪತ್ರೆಯಲ್ಲೇ ಬಿಸಿಜಿ, ಪೋಲಿಯೊ ಹನಿ ಮತ್ತು ಹೆಪಟೈಟಿಸ್ ಬಿ ಹಾಕಿ ಕಳಿಸುತ್ತಾರೆ. ಹೆಪಟೈಟಿಸ್ ಬಿ 24 ಗಂಟೆಯೊಳಗೆ ಆಗಬೇಕು. ಅಲ್ಲಿಂದ ಮುಂದಿನ ದಿನ ನೆನಪಿಡೋ ಜವಾಬ್ದಾರಿ ಮನೆಯವರದ್ದು.

ವಾರದ ಲೆಕ್ಕ: ಹುಟ್ಟಿದ ವಾರವೇ ಸಾಕ್ಷಿ

ಮುಂದಿನ ಮೂರು ಭೇಟಿ 6, 10 ಮತ್ತು 14 ವಾರಕ್ಕೆ. ಅಂದರೆ ಹುಟ್ಟಿದ ದಿನದಿಂದ 42, 70 ಮತ್ತು 98 ದಿನ. ವಾರದ ಲೆಕ್ಕದಲ್ಲಿ ಒಂದು ಅನುಕೂಲ ಇದೆ. ಮಗು ಸೋಮವಾರ ಹುಟ್ಟಿದ್ದರೆ ಆರು ವಾರ ತುಂಬೋದೂ ಸೋಮವಾರವೇ. ಕ್ಯಾಲೆಂಡರಿನಲ್ಲಿ ಹುಟ್ಟಿದ ತಾರೀಖಿನ ಮೇಲೆ ಬೆರಳಿಟ್ಟು, ಅದೇ ವಾರದ ಸಾಲಿನಲ್ಲಿ ಆರು ಮನೆ ಮುಂದೆ ಹೋದರೆ ಮೊದಲ ದಿನ ಸಿಕ್ಕಿತು. ಅಲ್ಲಿಂದ ನಾಲ್ಕು ಮನೆಗೆ ಎರಡನೇದು, ಮತ್ತೆ ನಾಲ್ಕು ಮನೆಗೆ ಮೂರನೇದು. ಬೇರೆ ವಾರ ಬಂದರೆ ಎಣಿಕೆ ತಪ್ಪಿದೆ ಅಂತಲೇ ಅರ್ಥ.

ಒಂದು ಲೆಕ್ಕ ಮಾಡಿ ನೋಡೋಣ. ತಾಯಿಯ ತವರು ಆವರಗೆರೆ, ಗಂಡನ ಮನೆ ಹರಿಹರ. ಮಗು ಹುಟ್ಟಿದ್ದು 2025ರ ಜನವರಿ 6, ಸೋಮವಾರ ಅಂತಿಟ್ಟುಕೊಳ್ಳಿ. ಆರು ವಾರಕ್ಕೆ ಫೆಬ್ರವರಿ 17, ಹತ್ತು ವಾರಕ್ಕೆ ಮಾರ್ಚ್ 17, ಹದಿನಾಲ್ಕು ವಾರಕ್ಕೆ ಏಪ್ರಿಲ್ 14. ಮೂರೂ ಸೋಮವಾರ. ಮನೆಯವರು ಇದನ್ನೇ ಮೂರೂವರೆ ತಿಂಗಳು ಅಂತ ಎಣಿಸಿದ್ದರೆ ಏಪ್ರಿಲ್ 21ರ ಸುಮಾರಿಗೆ ಹೋಗುತ್ತಿದ್ದರು, ಒಂದು ವಾರ ತಡ.

ಲಸಿಕೆ ಎಲ್ಲ ಕಡೆ ದಿನಾ ಹಾಕಲ್ಲ. ಹಲವು ಆರೋಗ್ಯ ಕೇಂದ್ರ, ಅಂಗನವಾಡಿಗಳಲ್ಲಿ ವಾರದಲ್ಲಿ ಒಂದು ಗೊತ್ತಾದ ದಿನ ಇರುತ್ತೆ. ಅದು ಯಾವ ದಿನ ಅಂತ ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಕೇಳಿಟ್ಟುಕೊಳ್ಳಿ. ಇಲ್ಲಿ ಗುರುವಾರ ಅಂತಿಟ್ಟುಕೊಳ್ಳೋಣ. ಆಗ ಫೆಬ್ರವರಿ 17ಕ್ಕೆ ಹಿಂದಿನ ಗುರುವಾರ, ಅಂದರೆ 13ಕ್ಕೆ ಹೋಗಬಾರದು. ಅವತ್ತಿಗೆ ಮಗುವಿಗೆ 38 ದಿನ ಮಾತ್ರ, 42 ತುಂಬಿಲ್ಲ. ತುಂಬಿದ ಮೇಲೆ ಬರುವ ಗುರುವಾರ ಫೆಬ್ರವರಿ 20, ಅವತ್ತೇ ಸರಿ.

ಒಂದು ಡೋಸ್ ತಡ ಆದರೆ ಮುಂದಿನದು ಯಾವಾಗ?

ಹೆಚ್ಚು ಜನ ಎಡವೋದು ಇಲ್ಲೇ. ಮೊದಲ ಡೋಸ್ ಫೆಬ್ರವರಿ 20ಕ್ಕೆ ಆಯಿತು. ಎರಡನೇದು ಮಾರ್ಚ್ 20ಕ್ಕೆ ಆಗಬೇಕಿತ್ತು. ಆ ವಾರ ತಾಯಿ, ಮಗು ಹರಿಹರಕ್ಕೆ ಹೊರಟರು, ಕಾರ್ಡ್ ತವರಲ್ಲೇ ಉಳೀತು. ಕಾರ್ಡ್ ತರಿಸಿಕೊಂಡು ಎರಡನೇ ಡೋಸ್ ಹಾಕಿಸಿದ್ದು ಏಪ್ರಿಲ್ 3ಕ್ಕೆ. ಈಗ ಮೂರನೇದು ಯಾವಾಗ?

ಹುಟ್ಟಿದ ದಿನದಿಂದ ಎಣಿಸಿದರೆ ಏಪ್ರಿಲ್ 14, ಅದರ ನಂತರದ ಗುರುವಾರ 17. ಆದರೆ ಅದು ತಪ್ಪು. ಏಪ್ರಿಲ್ 3ರಿಂದ 17ಕ್ಕೆ ಎರಡೇ ವಾರ. ಪೆಂಟಾವೇಲೆಂಟ್, ಪೋಲಿಯೊ ಹನಿ, ರೋಟಾ ಲಸಿಕೆಗಳ ಎರಡು ಡೋಸ್ ನಡುವೆ ಕನಿಷ್ಠ ನಾಲ್ಕು ವಾರ, ಅಂದರೆ 28 ದಿನ ಇರಲೇಬೇಕು. ಮೊದಲ ಡೋಸಿಗೆ ಮೈ ತಯಾರಾಗೋಕೆ ಸಮಯ ಬೇಕು. ಅದಕ್ಕೂ ಮುಂಚೆ ಕೊಟ್ಟರೆ ಡೋಸಿನ ಫಲ ಕಡಿಮೆ. ಹಾಗಾಗಿ ಎಣಿಕೆ ಏಪ್ರಿಲ್ 3ರಿಂದಲೇ ಶುರು, 28 ದಿನಕ್ಕೆ ಮೇ 1, ಗುರುವಾರ. ಅವತ್ತು ಕಾರ್ಮಿಕರ ದಿನದ ರಜೆ. ರಜೆ ಬಂದರೆ ಹಿಂದಿನ ವಾರಕ್ಕೆ ಹೋಗೋದಲ್ಲ, ಮುಂದಕ್ಕೆ ಹೋಗೋದು. ಬೇರೆ ದಿನ ಇಟ್ಟಿದ್ದಾರಾ ಅಂತ ಮೊದಲೇ ಕೇಳಬೇಕು, ಇಲ್ಲದಿದ್ದರೆ ಮೇ 8.

ಸೂತ್ರ ಇಷ್ಟೇ: ಹುಟ್ಟಿದ ದಿನದ ಲೆಕ್ಕದಿಂದ ಒಂದು ತಾರೀಖು ಬರುತ್ತೆ, ಹಿಂದಿನ ಡೋಸ್ ಹಾಕಿದ ದಿನದಿಂದ 28 ಎಣಿಸಿದರೆ ಇನ್ನೊಂದು ಬರುತ್ತೆ. ಎರಡರಲ್ಲಿ ಯಾವುದು ಆಮೇಲೆ ಬರುತ್ತೋ ಅದೇ ನಿಮ್ಮ ದಿನ. ಅದಕ್ಕೇ ಕಾರ್ಡಿನಲ್ಲಿ ಹಾಕಬೇಕಿದ್ದ ದಿನಕ್ಕಿಂತ ಹಾಕಿದ ದಿನ ಮುಖ್ಯ. ನರ್ಸ್ ತಾರೀಖು ಬರೆದರಾ ಅಂತ ಅಲ್ಲೇ ನೋಡಿಕೊಳ್ಳಿ.

ತಡ ಆಯಿತು ಅಂತ ಹಾಕಿದ್ದನ್ನು ಬಿಟ್ಟು ಮೊದಲಿಂದ ಶುರು ಮಾಡೋದು ಬೇಡ. ಆದ ಡೋಸ್ ಆದ ಹಾಗೆ, ಉಳಿದದ್ದು ಮಾತ್ರ ಬಾಕಿ. ಬಾಕಿ ತೀರಿಸೋಕೆ ಒಂದೇ ಲಸಿಕೆಯ ಎರಡು ಡೋಸ್ ಒಂದೇ ದಿನ ಹಾಕಿಸೋದೂ ಆಗಲ್ಲ. ಬೇರೆ ಬೇರೆ ಲಸಿಕೆ ಒಂದೇ ದಿನ ಹಾಕಬಹುದು, ಆರನೇ ವಾರದಲ್ಲಿ ಹಾಕೋದೂ ಹಾಗೆಯೇ.

ತಿಂಗಳು ತುಂಬದೆ ಹುಟ್ಟಿದ ಮಗುವಿಗೂ ವಯಸ್ಸಿನ ಎಣಿಕೆ ಹುಟ್ಟಿದ ದಿನದಿಂದಲೇ. ಡಾಕ್ಟರ್ ಮೊದಲು ಕೊಟ್ಟಿದ್ದ ಹೆರಿಗೆ ತಾರೀಖಿನಿಂದ ಅಲ್ಲ.

‘ಒಂಬತ್ತರಲ್ಲಿ’ ಅಲ್ಲ, ಒಂಬತ್ತು ತುಂಬಿದ ಮೇಲೆ

ಮುಂದಿನದು ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್. ಅದರ ಜೊತೆಗೆ ನ್ಯುಮೋನಿಯಾ ತಡೆಯುವ ಪಿಸಿವಿ ಬೂಸ್ಟರ್, ಪೋಲಿಯೊ ಸೂಜಿಯ ಮೂರನೇ ಡೋಸ್ ಮತ್ತು ವಿಟಮಿನ್ ಎ. ಇಲ್ಲಿ ಮಾತಿನ ತೊಡಕು ಬರುತ್ತೆ. ‘ಮಗುವಿಗೆ ಒಂಬತ್ತು ನಡೀತಿದೆ’ ಅಂದರೆ ತುಂಬಿರೋದು ಎಂಟೇ. ಲಸಿಕೆಗೆ ಬೇಕಿರೋದು ಒಂಬತ್ತು ತಿಂಗಳು ಪೂರ್ತಿ ತುಂಬಿದ ಮಗು.

ನಮ್ಮ ಮಗುವಿಗೆ ಆ ದಿನ 2025ರ ಅಕ್ಟೋಬರ್ 6. ತಾರೀಖು ಅದೇ 6, ತಿಂಗಳು ಮಾತ್ರ ಬದಲು. ನಾಲ್ಕು ವಾರಕ್ಕೆ ಒಂದು ತಿಂಗಳು ಅಂತ 36 ವಾರ ಎಣಿಸಿದ್ದರೆ ಸೆಪ್ಟೆಂಬರ್ 15 ಬರುತ್ತಿತ್ತು, 21 ದಿನ ಮುಂಚೆ. ಹಿರಿಯರು ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಂದು ತಿಂಗಳು ಅಂತ ಎಣಿಸಿದರೂ ಸುಮಾರು ಒಂದು ವಾರ ಮುಂಚೆ ಬರುತ್ತೆ. ಚಾಂದ್ರಮಾನ ತಿಂಗಳು ಇಪ್ಪತ್ತೊಂಬತ್ತೂವರೆ ದಿನದ್ದು. ಹುಟ್ಟಿದ್ದು ಮೇ 31 ಆಗಿದ್ದರೆ ಫೆಬ್ರವರಿಯಲ್ಲಿ ಆ ತಾರೀಖೇ ಇಲ್ಲ, ಮಾರ್ಚ್ 1 ಅಂತ ಹಿಡಿಯಿರಿ.

ಬೇಗ ಹಾಕಿಸಿದರೆ ಒಳ್ಳೇದೇ ಅಲ್ಲವಾ ಅಂತ ಕೇಳುವವರಿದ್ದಾರೆ. ಅಲ್ಲ. ಗರ್ಭದಲ್ಲಿದ್ದಾಗ ತಾಯಿಯಿಂದ ಬಂದ ದಡಾರ ತಡೆಯುವ ಶಕ್ತಿ ಮಗುವಿನ ರಕ್ತದಲ್ಲಿ ಕೆಲವು ತಿಂಗಳು ಇರುತ್ತೆ. ಅದು ಕರಗುವ ಮೊದಲೇ ಸೂಜಿ ಹಾಕಿದರೆ ಲಸಿಕೆಯನ್ನೇ ಅದು ತಡೆಯುತ್ತೆ. ಕಾರ್ಡಿನಲ್ಲಿ ಗುರುತು ಬಿದ್ದಿರುತ್ತೆ, ಮಗುವಿಗೆ ರಕ್ಷಣೆ ಬಂದಿರಲ್ಲ. ಹಾಗಂತ ತೀರಾ ತಡವೂ ಬೇಡ. ತಾಯಿಯ ಶಕ್ತಿ ಹೋಗಿ, ಲಸಿಕೆಯೂ ಇಲ್ಲದ ದಿನಗಳಲ್ಲೇ ದಡಾರ ಹಿಡಿಯೋದು.

ಎರಡನೇ ದಡಾರ-ರುಬೆಲ್ಲಾ ಡೋಸ್ ಮತ್ತು ಡಿಪಿಟಿ ಬೂಸ್ಟರ್ 16ರಿಂದ 24 ತಿಂಗಳ ನಡುವೆ. ಇಲ್ಲೂ ಹದಿನಾರು ತುಂಬಬೇಕು. ಈ ಮಗುವಿಗೆ 2026ರ ಮೇ 6ಕ್ಕೆ ತುಂಬುತ್ತೆ.

ಊರು ಬದಲಾದರೂ ಲಸಿಕೆ ನಿಲ್ಲಬೇಕಿಲ್ಲ. ಆವರಗೆರೆಯಲ್ಲಿ ಶುರುವಾದದ್ದನ್ನು ಹರಿಹರದಲ್ಲಿ ಮುಂದುವರಿಸಬಹುದು. ಯು-ವಿನ್‌ನಲ್ಲಿ ಮಗುವಿನ ಹೆಸರು ದಾಖಲಾಗಿದ್ದರೆ ಹಾಕಿದ ತಾರೀಖು ಅಲ್ಲೂ ಸಿಗುತ್ತೆ. ಆದರೂ ತವರಿಂದ ಹೊರಡೋವಾಗ ತೊಟ್ಟಿಲ ಜೊತೆ ತಾಯಿ ಕಾರ್ಡ್ ಇದೆಯಾ ನೋಡಿಕೊಳ್ಳಿ, ಅದರ ಫೋಟೊ ಮಗುವಿನ ಅಪ್ಪನ ಮೊಬೈಲಿನಲ್ಲೂ ಇರಲಿ.