ಅಂಗಡಿ ಮುಂಭಾಗದ ಹಗಲುಬೆಳಕಿನ ರೆಂಡರಿಂಗ್

ಅಂಗಡಿ ಮುಂಭಾಗದ ಹಗಲುಬೆಳಕಿನ ರೆಂಡರಿಂಗ್ ಎಂದರೆ ಕೈಯಲ್ಲಿ ಬರೆದ ರೇಖಾಚಿತ್ರವನ್ನು ಆಧರಿಸಿ, ಬ್ಲೆಂಡರ್‌ನಂತಹ ತಂತ್ರಾಂಶದಲ್ಲಿ ಛಾಯಾಚಿತ್ರದಂತೆ ತೋರುವ ಚಿತ್ರವನ್ನು ರಚಿಸುವ ವಿಧಾನ.

ಅಳತೆ

ಸ್ಕ್ಯಾನ್ ಮಾಡಿದ ರೇಖಾಚಿತ್ರವನ್ನು ಹಿನ್ನೆಲೆಯಲ್ಲಿರಿಸಿ, ಅಳತೆ ತಿಳಿದಿರುವ ಒಂದು ಭಾಗಕ್ಕೆ, ಉದಾಹರಣೆಗೆ 8 ಅಡಿ ಅಗಲದ ರೋಲಿಂಗ್ ಶಟರ್‌ಗೆ, ಹೊಂದಿಸಲಾಗುತ್ತದೆ. ಎದುರಿನಿಂದ ಬರೆದ ಚಿತ್ರದಲ್ಲಿ ಆಳ ಕಾಣದ ಕಾರಣ ಸಜ್ಜಾ ಎಷ್ಟು ಮುಂದೆ ಚಾಚಿದೆ ಎಂಬುದನ್ನು ಸ್ಥಳದಲ್ಲೇ ಅಳೆಯಬೇಕಾಗುತ್ತದೆ.

ಸೂರ್ಯನ ಸ್ಥಾನ

ತುಮಕೂರು ತಾಲ್ಲೂಕಿನ ಕೋರ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ದಕ್ಷಿಣಕ್ಕೆ ಮುಖಮಾಡಿದ ಅಂಗಡಿಗೆ 2 ಅಡಿ ಚಾಚಿದ ಸಜ್ಜಾ ಇದೆಯೆಂದು ಭಾವಿಸಿದರೆ, ಡಿಸೆಂಬರ್ 21ರಂದು ಮಧ್ಯಾಹ್ನ ಸುಮಾರು 12:20ಕ್ಕೆ ಸೂರ್ಯ ದಿಗಂತದಿಂದ 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಸಜ್ಜಾದ ನೆರಳು ಗೋಡೆಯ ಮೇಲೆ ಸುಮಾರು 2 ಅಡಿ 8 ಅಂಗುಲ ಇಳಿಯುತ್ತದೆ. ಸಜ್ಜಾದ ಕೆಳಗೇ ಗೋಡೆಗೆ ಹೊಂದಿಸಿದ 2 ಅಡಿ ಎತ್ತರದ ನಾಮಫಲಕ ಪೂರ್ಣವಾಗಿ ನೆರಳಿನಲ್ಲಿರುತ್ತದೆ. ಅದನ್ನು ಬಿಸಿಲಿನಲ್ಲಿ ತೋರಿಸಿದ ಚಿತ್ರವನ್ನು ನಂಬಿ ಬಣ್ಣ ಆರಿಸಿದರೆ ಫಲಕ ಮಂಕಾಗಿ ಕಾಣುತ್ತದೆ. ಜೂನ್ 21ರ ನಡುಹಗಲಿನಲ್ಲಿ ಸೂರ್ಯ ಉತ್ತರಕ್ಕಿರುವುದರಿಂದ ಇಡೀ ಮುಂಭಾಗವೇ ನೆರಳಿನಲ್ಲಿರುತ್ತದೆ.

ದೋಷಗಳು

ನೆರಳಿನ ಉದ್ದ ಲೆಕ್ಕಕ್ಕೆ ಹೊಂದದಿದ್ದರೆ ಸಜ್ಜಾದ ಅಳತೆ, ಉತ್ತರ ದಿಕ್ಕು ಅಥವಾ ವೇಳೆ ತಪ್ಪಾಗಿರುತ್ತದೆ. ನೆರಳು ಕಡುಗಪ್ಪಾಗಿದ್ದರೆ ಆಕಾಶದ ಬೆಳಕನ್ನು ಸೇರಿಸಿಲ್ಲವೆಂದು ತಿಳಿಯಬಹುದು.