ಕರೆಂಟ್ ಹೋದರೆ ಇನ್ಸುಲಿನ್ ಕೆಡುತ್ತದೆಯೇ? ಪ್ರಯಾಣದಲ್ಲಿ ಐಸ್ ಮೇಲೆ ಇಡಬಹುದೇ?

ಬೇಸಿಗೆ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಇನ್ಸುಲಿನ್ ಬಗ್ಗೆ ಎರಡು ಮಾತು ಓಡಾಡುತ್ತವೆ. ಒಂದು, ಫ್ರಿಜ್‌ನಿಂದ ಹೊರಗೆ ಬಂದ ಇನ್ಸುಲಿನ್ ಕೆಲವೇ ಗಂಟೆಗಳಲ್ಲಿ ಕೆಲಸಕ್ಕೆ ಬಾರದಂತಾಗುತ್ತದೆ ಎಂಬುದು. ಇನ್ನೊಂದು, ಪ್ರಯಾಣದಲ್ಲಿ ಅದನ್ನು ಐಸ್ ತುಂಡುಗಳ ನಡುವೆ ಇಡಿ, ಕರೆಂಟ್ ಹೋದರೆ ಫ್ರೀಜರ್‌ಗೆ ಹಾಕಿ ಎಂಬ ಸಲಹೆ.

ಮೊದಲನೆಯದು ನಿಜವಲ್ಲ. ಎರಡನೆಯದನ್ನು ಪಾಲಿಸಿದರೆ ಚೆನ್ನಾಗಿದ್ದ ಇನ್ಸುಲಿನ್ ಕೂಡ ಹಾಳಾಗುತ್ತದೆ. ಯಾಕೆ ಎಂದು ನೋಡೋಣ.

ಬಿಸಿ ನಿಧಾನವಾಗಿ ಕೆಡಿಸುತ್ತದೆ, ಹೆಪ್ಪುಗಟ್ಟಿದರೆ ಒಮ್ಮೆಲೇ ಕೆಡುತ್ತದೆ

ಇನ್ಸುಲಿನ್ ಒಂದು ಪ್ರೋಟೀನ್. ಬಿಸಿಯಲ್ಲಿ ಅದರ ಶಕ್ತಿ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. ಬಿಸಿ ಹೆಚ್ಚಿದಷ್ಟೂ ಬೇಗ ಇಳಿಯುತ್ತದೆ. ಆದರೆ ಇದು ದಿನಗಳ, ವಾರಗಳ ಲೆಕ್ಕ. ಅದಕ್ಕಾಗಿಯೇ ತೆರೆಯದ ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿಯಲ್ಲಿ ಇಡಲು ಹೇಳಿದರೂ, ಬಳಸಲು ಶುರು ಮಾಡಿದ್ದನ್ನು ಹೊರಗೇ ಇಡಲು ಕಂಪನಿಗಳು ಅನುಮತಿಸುತ್ತವೆ. ಹಲವು ಇನ್ಸುಲಿನ್‌ಗಳಿಗೆ ಈ ಅವಧಿ 25 ಅಥವಾ 30 ಡಿಗ್ರಿಯೊಳಗೆ ಸುಮಾರು 4 ವಾರ. ನಿಮ್ಮದಕ್ಕೆ ಎಷ್ಟು ಎಂಬುದು ಪೆಟ್ಟಿಗೆಯೊಳಗಿನ ಚೀಟಿಯಲ್ಲಿರುತ್ತದೆ.

ನಿಜವಾದ ಸೆಕೆಯಲ್ಲಿ ಇದನ್ನು ಪರೀಕ್ಷಿಸಿದವರೂ ಇದ್ದಾರೆ. ಉತ್ತರ ಕೀನ್ಯಾದ ಡಾಗಾಹಾಲೆ ನಿರಾಶ್ರಿತರ ಶಿಬಿರದಲ್ಲಿ ಮನೆಯೊಳಗಿನ ತಾಪಮಾನ ದಿನವಿಡೀ 25ರಿಂದ 37 ಡಿಗ್ರಿಯ ನಡುವೆ ಏರಿಳಿಯುತ್ತದೆ. ಎಂಎಸ್‌ಎಫ್ ವೈದ್ಯರ ಸಂಸ್ಥೆ ಮತ್ತು ಜಿನೀವಾ ವಿಶ್ವವಿದ್ಯಾಲಯದವರು ಅದೇ ಏರಿಳಿತದಲ್ಲಿ ಇನ್ಸುಲಿನ್ ಅನ್ನು 4 ವಾರ ಇಟ್ಟು ನೋಡಿದರು. 2021ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಫ್ರಿಜ್‌ನಲ್ಲಿದ್ದ ಇನ್ಸುಲಿನ್‌ಗೆ ಹೋಲಿಸಿದರೆ ಶಕ್ತಿ ಕುಂದಿದ್ದು ಹೆಚ್ಚೆಂದರೆ ಶೇ 1ರಷ್ಟು. ಹಾಗಂತ ಇದು 42 ಡಿಗ್ರಿಗೂ, ಬಿಸಿಲಿಗೂ ಅನ್ವಯಿಸುವ ಮಾತಲ್ಲ.

ಹೆಪ್ಪುಗಟ್ಟುವುದರ ಕಥೆ ಬೇರೆ. ಆಗ ಇನ್ಸುಲಿನ್ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಕರಗಿದ ಮೇಲೂ ಅವು ಮೊದಲಿನಂತೆ ಬಿಡಿಯಾಗುವುದಿಲ್ಲ. ಸಿರಿಂಜ್‌ಗೆ ಒಂದು ಸಲ ಕಡಿಮೆ, ಇನ್ನೊಂದು ಸಲ ಹೆಚ್ಚು ಔಷಧಿ ಬರಬಹುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಅನ್ನು ಬಳಸಲೇಬಾರದು. ಫ್ರೀಜರ್‌ನಿಂದ ಆಗತಾನೆ ತೆಗೆದ ಐಸ್ ಅಥವಾ ಜೆಲ್ ಪ್ಯಾಕ್ ಸೊನ್ನೆ ಡಿಗ್ರಿಗಿಂತ ಕೆಳಗಿರುತ್ತದೆ. ಅದಕ್ಕೆ ತಾಗಿಕೊಂಡ ಸೀಸೆ ಬಸ್ ಹೊರಡುವ ಮೊದಲೇ ಹೆಪ್ಪುಗಟ್ಟಬಹುದು.

ಕಲಬುರಗಿಯಿಂದ ಮಂಗಳೂರಿಗೆ: ಒಂದು ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮೇ ತಿಂಗಳು. ಕಲಬುರಗಿಯ ಅಜ್ಜಿಯೊಬ್ಬರು ಮದುವೆಗೆಂದು ರಾತ್ರಿ ಬಸ್ಸಿನಲ್ಲಿ ಮಂಗಳೂರಿಗೆ ಹೊರಟಿದ್ದಾರೆ, ಅಲ್ಲಿ ಒಂದು ವಾರ ಇರುತ್ತಾರೆ. ಬೆಳಿಗ್ಗೆ 20, ರಾತ್ರಿ 14 ಯೂನಿಟ್, ಅಂದರೆ ದಿನಕ್ಕೆ 34 ಯೂನಿಟ್ ತೆಗೆದುಕೊಳ್ಳುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 10 ಎಂಎಲ್ ಸೀಸೆಯಲ್ಲಿ, ಪ್ರತಿ ಎಂಎಲ್‌ಗೆ 40 ಯೂನಿಟ್‌ನಂತೆ, ಒಟ್ಟು 400 ಯೂನಿಟ್ ಇರುತ್ತದೆ. ಅದು ಅವರಿಗೆ 12 ದಿನವೂ ಪೂರ್ತಿ ಬರುವುದಿಲ್ಲ. 4 ವಾರದ ಗಡುವು ಮುಗಿಯುವ ಮೊದಲೇ ಸೀಸೆ ಖಾಲಿಯಾಗಿರುತ್ತದೆ. ಹಾಗಾಗಿ ತೆರೆದ ಸೀಸೆಗೆ ಐಸ್ ಬೇಕಿಲ್ಲ. ತಂಪಾದ, ನೆರಳಿನ ಜಾಗ ಸಾಕು.

ಆದರೆ ಹೊರಡುವ ದಿನ ಮಧ್ಯಾಹ್ನ ಕಲಬುರಗಿಯಲ್ಲಿ 42 ಡಿಗ್ರಿ. ಅಲ್ಲಿ ಮಣ್ಣಿನ ಮಡಕೆ ಕೆಲಸಕ್ಕೆ ಬರುತ್ತದೆ. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವಿನ ಜಾಗಕ್ಕೆ ಮರಳು ತುಂಬಿ ನೀರು ಹಾಕಬೇಕು. ಸೀಸೆಯನ್ನು ನೀರು ಹೋಗದ ಡಬ್ಬಿಯಲ್ಲಿ ಹಾಕಿ ಒಳಗಿನ ಮಡಕೆಯಲ್ಲಿಟ್ಟು, ಒದ್ದೆ ಬಟ್ಟೆ ಮುಚ್ಚಿ, ಗಾಳಿ ಆಡುವ ನೆರಳಿನಲ್ಲಿ ಇಡಬೇಕು. ನೀರು ಆವಿಯಾಗುತ್ತಾ ಬಿಸಿಯನ್ನು ಎಳೆದುಕೊಳ್ಳುತ್ತದೆ, ಒಳಗೆ ಹಲವು ಡಿಗ್ರಿ ತಂಪಾಗುತ್ತದೆ. ಮರಳು ಒಣಗಲು ಬಿಡಬಾರದು. ಒಳಗೆ ಒಂದು ಸಣ್ಣ ಥರ್ಮಾಮೀಟರ್ ಇಟ್ಟರೆ ಎಷ್ಟು ತಂಪಾಗಿದೆ ಎಂಬುದು ಊಹೆಯಾಗಿ ಉಳಿಯುವುದಿಲ್ಲ.

ಬಸ್ಸಿನಲ್ಲಿ ಸೀಸೆ ಕೈಚೀಲದಲ್ಲೇ ಇರಲಿ. ಲಗೇಜ್ ಡಿಕ್ಕಿ, ಕಿಟಕಿಯ ಅಂಚು, ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಬೇಡ. ಬಿಸಿಲಲ್ಲಿ ನಿಂತ ಕಾರಿನೊಳಗೆ 50 ಡಿಗ್ರಿ ದಾಟುವುದು ಸುಲಭ. ಜೊತೆಗೆ ಒಯ್ಯುವ ತೆರೆಯದ ಸೀಸೆಗೆ ಫ್ರೀಜರ್‌ನ ಐಸ್ ಬದಲು ಫ್ರಿಜ್‌ನಲ್ಲಿಟ್ಟ ತಣ್ಣೀರಿನ ಬಾಟಲಿ ಒಳ್ಳೆಯದು, ಯಾಕೆಂದರೆ ಅದು ಸೀಸೆಯನ್ನು ಹೆಪ್ಪುಗಟ್ಟಿಸಲಾರದು. ಥರ್ಮೋಕೋಲ್ ಪೆಟ್ಟಿಗೆ ಅಥವಾ ಟಿಫಿನ್ ಬ್ಯಾಗಿನಲ್ಲಿ ಎರಡನ್ನೂ ಒಟ್ಟಿಗೆ ಇಡಬಹುದು. ಜೆಲ್ ಪ್ಯಾಕ್ ಬಳಸಲೇಬೇಕಿದ್ದರೆ ಸೀಸೆಯನ್ನು ದಪ್ಪ ಟವೆಲ್‌ನಲ್ಲಿ ಸುತ್ತಿ, ಎರಡೂ ಒಂದಕ್ಕೊಂದು ತಾಗದಂತೆ ಇಡಿ.

ಮಂಗಳೂರು ತಲುಪಿದ ಮೇಲೆ ಮಡಕೆಯ ಉಪಾಯ ಅಷ್ಟು ನಡೆಯುವುದಿಲ್ಲ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ನೀರು ಆವಿಯಾಗುವುದೇ ಕಡಿಮೆ. ನೀರಲ್ಲಿ ನೆನೆಸಿ ಬಳಸುವ ಇನ್ಸುಲಿನ್ ಚೀಲಗಳಿಗೂ ಇದೇ ಮಿತಿ ಇದೆ. ಅಲ್ಲಿ ನೆಂಟರ ಮನೆಯ ಫ್ರಿಜ್ಜೇ ಸರಿ. ಆದರೆ ಫ್ರೀಜರ್‌ಗೆ ಅಂಟಿದ ಮೇಲಿನ ಹಲಗೆ ಬೇಡ, ಮಧ್ಯದ ಹಲಗೆಯಲ್ಲಿ ಇಡಿ. ಸಿಂಗಲ್ ಡೋರ್ ಫ್ರಿಜ್‌ನಲ್ಲಿ ಫ್ರೀಜರ್ ಕೆಳಗೇ ಇಟ್ಟ ಸೀಸೆ ಹೆಪ್ಪುಗಟ್ಟುವ ಸಾಧ್ಯತೆ ಇರುತ್ತದೆ.

ಕರೆಂಟ್ ಹೋದಾಗ

ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪಾಗಿರುತ್ತದೆ. ಆದ್ದರಿಂದ ಮೊದಲ ಕೆಲಸ, ಬಾಗಿಲು ಮುಚ್ಚಿಯೇ ಇಡುವುದು. ಕರೆಂಟ್ ಅದಕ್ಕಿಂತ ಹೆಚ್ಚು ಹೊತ್ತು ಬರದಿದ್ದರೆ ಸೀಸೆಯನ್ನು ಮಡಕೆಗೋ ತಣ್ಣೀರಿನ ಬಾಟಲಿ ಇರುವ ಪೆಟ್ಟಿಗೆಗೋ ಬದಲಿಸಿ. ಫ್ರೀಜರ್‌ಗೆ ಮಾತ್ರ ಹಾಕಬೇಡಿ. ತೆರೆಯದ ಸೀಸೆ ಹೀಗೆ ಬೆಚ್ಚಗಾಗಿದ್ದರೆ ಅದರ ಮೇಲೆ ಆ ದಿನಾಂಕ ಬರೆದು, ಹೊರಗಿಡುವ ಅವಧಿಯನ್ನು ಅಂದಿನಿಂದಲೇ ಎಣಿಸಿ. ಮತ್ತೆ ಫ್ರಿಜ್‌ಗೆ ಇಟ್ಟ ಮಾತ್ರಕ್ಕೆ ಕಳೆದ ದಿನಗಳು ವಾಪಸ್ ಬರುವುದಿಲ್ಲ.

ಕೆಟ್ಟಿದೆಯೇ ಎಂದು ತಿಳಿಯುವುದು ಹೇಗೆ?

ತಿಳಿ ಇನ್ಸುಲಿನ್ ನೀರಿನಂತೆ ಸ್ವಚ್ಛವಾಗಿರಬೇಕು. ಮಬ್ಬಾಗಿದ್ದರೆ, ಬಣ್ಣ ಬದಲಾಗಿದ್ದರೆ, ಎಳೆಗಳು ಕಂಡರೆ ಬೇಡ. ಹಾಲಿನ ಬಣ್ಣದ ಇನ್ಸುಲಿನ್ ಅನ್ನು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿದಾಗ ಎಲ್ಲ ಕಡೆ ಒಂದೇ ಸಮ ಬೆಳ್ಳಗಾಗಬೇಕು. ಗಂಟುಗಳು ಉಳಿದರೆ, ಗಾಜಿಗೆ ಬಿಳಿ ಪುಡಿ ಅಂಟಿದ್ದರೆ ಅದನ್ನು ಪಕ್ಕಕ್ಕಿಡಿ.

ಕಣ್ಣಿಗೆ ಚೆನ್ನಾಗಿ ಕಂಡರೂ ಶಕ್ತಿ ಕುಂದಿರಬಹುದು. ಊಟ, ಡೋಸ್ ಎರಡೂ ಎಂದಿನಂತಿದ್ದು, ಮೈಗೆ ಹುಷಾರಿದ್ದೂ ಶುಗರ್ ಮಾತ್ರ ಏರುತ್ತಲೇ ಇದ್ದರೆ ಹೊಸ ಸೀಸೆಗೆ ಬದಲಿಸಿ ಮತ್ತೆ ಪರೀಕ್ಷಿಸಿ. ಹಳೆಯ ಸೀಸೆಯ ಡೋಸ್ ಅನ್ನು ಅಂದಾಜಿನ ಮೇಲೆ ಹೆಚ್ಚಿಸಬೇಡಿ.

ಸಂಶಯ ಬಂತು, ಬೇರೆ ಸೀಸೆ ಇಲ್ಲ. ಆಗ?

"ಕೆಟ್ಟಿರಬಹುದು" ಎಂದು ಇನ್ಸುಲಿನ್ ಅನ್ನೇ ಬಿಟ್ಟುಬಿಡುವುದು ಹೆಚ್ಚು ಅಪಾಯ, ಅದರಲ್ಲೂ ಟೈಪ್ 1 ಇರುವವರಿಗೆ. ಬೆಚ್ಚಗಾದ, ಆದರೆ ನೋಡಲು ಸರಿಯಿರುವ ಇನ್ಸುಲಿನ್ ಅನ್ನು ಹೊಸದು ಸಿಗುವವರೆಗೆ ಬಳಸಬಹುದು. ಶುಗರ್ ಅನ್ನು ಪದೇ ಪದೇ ನೋಡುತ್ತಿರಿ, ವೈದ್ಯರಿಗೆ ಫೋನ್ ಮಾಡಿ. ಶುಗರ್ ಏರಿರುವಾಗ ವಾಂತಿ, ಹೊಟ್ಟೆನೋವು, ಜೋರಾದ ಉಸಿರಾಟ ಶುರುವಾದರೆ ಕಾಯದೆ ಆಸ್ಪತ್ರೆಗೆ ಹೋಗಿ.

ನಮ್ಮ ತೀರ್ಮಾನ: ಹೊರಗಿಟ್ಟ ಇನ್ಸುಲಿನ್ ಗಂಟೆಗಳಲ್ಲಿ ಕೆಡುತ್ತದೆ ಎಂಬುದು ತಪ್ಪು. ಐಸ್ ಮೇಲೆ ಅಥವಾ ಫ್ರೀಜರ್‌ನಲ್ಲಿ ಇಡಿ ಎಂಬ ಸಲಹೆ ಅಪಾಯಕಾರಿ, ಅದನ್ನು ಫಾರ್ವರ್ಡ್ ಮಾಡಬೇಡಿ.