ಕೆ-ಮೀನ್ಸ್: ಎಲ್ಲಿಂದ ಹೊರಟರೆ ಎಲ್ಲಿ ನಿಲ್ಲುತ್ತದೆ

ಗ್ರಾಫ್ ಹಾಳೆಯ ಮೇಲೆ ನಾಲ್ಕು ಚುಕ್ಕೆ ಇಡಿ: (0,0), (0,2), (6,0), (6,2). ಆರು ಅಗಲ, ಎರಡು ಎತ್ತರದ ಒಂದು ಆಯತದ ನಾಲ್ಕು ಮೂಲೆಗಳು ಇವು. ಎರಡು ಗುಂಪು ಮಾಡು ಎಂದರೆ ಚಿಕ್ಕ ಮಗುವೂ ಎಡಗಡೆಯ ಎರಡನ್ನು ಒಂದು ಕಡೆ, ಬಲಗಡೆಯ ಎರಡನ್ನು ಇನ್ನೊಂದು ಕಡೆ ಮಾಡುತ್ತದೆ. ಇದೇ ಕೆಲಸವನ್ನು ಕೆ-ಮೀನ್ಸ್‌ಗೆ ಒಪ್ಪಿಸಿದರೆ ಕೆಲವು ಸಲ ಅದು ಮೇಲಿನ ಎರಡು, ಕೆಳಗಿನ ಎರಡು ಎಂದು ಭಾಗ ಮಾಡಿ, ಕೆಲಸ ಮುಗಿಯಿತೆಂದು ನಿಂತುಬಿಡುತ್ತದೆ. ಪ್ರೋಗ್ರಾಂನಲ್ಲಿ ತಪ್ಪಿಲ್ಲ, ಲೆಕ್ಕದಲ್ಲೂ ತಪ್ಪಿಲ್ಲ. ತಪ್ಪಿದ್ದು ಹೊರಟ ಜಾಗ. ಈ ವಿಧಾನ ಬೆಳೆದುಬಂದ ಬಗೆಯನ್ನು ಅರಿಯಲು ಈ ನಾಲ್ಕು ಚುಕ್ಕೆಗಳನ್ನು ಜೊತೆಗಿಟ್ಟುಕೊಂಡರೆ ಸಾಕು.

ವಿಧಾನ ಸರಳ. ಎಷ್ಟು ಗುಂಪು ಬೇಕೋ ಅಷ್ಟು ಕೇಂದ್ರಗಳನ್ನು ಮೊದಲು ಎಲ್ಲಾದರೂ ಇಡಬೇಕು. ಪ್ರತಿ ಚುಕ್ಕೆಯನ್ನೂ ತನಗೆ ಹತ್ತಿರದ ಕೇಂದ್ರಕ್ಕೆ ಸೇರಿಸಬೇಕು. ಆಮೇಲೆ ಪ್ರತಿ ಕೇಂದ್ರವನ್ನೂ ತನ್ನ ಗುಂಪಿನ ಸರಾಸರಿ ಜಾಗಕ್ಕೆ ಸರಿಸಬೇಕು. ಕೇಂದ್ರ ಸರಿದ ಮೇಲೆ ಕೆಲವು ಚುಕ್ಕೆಗಳಿಗೆ ಬೇರೆ ಕೇಂದ್ರ ಹತ್ತಿರವಾಗಬಹುದು, ಹಾಗಾಗಿ ಮತ್ತೆ ಹಂಚಬೇಕು, ಮತ್ತೆ ಸರಿಸಬೇಕು. ಯಾವ ಚುಕ್ಕೆಯೂ ಗುಂಪು ಬದಲಿಸದಿದ್ದಾಗ ನಿಲ್ಲಿಸಬೇಕು.

ಪೋಲೆಂಡಿನ ಗಣಿತಜ್ಞ ಹ್ಯೂಗೊ ಸ್ಟೈನ್‌ಹೌಸ್ 1956ರಲ್ಲೇ ಹೀಗೆ ಗುಂಪು ಮಾಡುವ ಪ್ರಶ್ನೆಯನ್ನು ಎತ್ತಿದ್ದರು. ಆದರೆ ಹಂಚು, ಸರಿಸು ಎಂಬ ಸರದಿಗೆ ಸ್ಪಷ್ಟ ರೂಪ ಕೊಟ್ಟವರು ಅಮೆರಿಕದ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಲಾಯ್ಡ್. ಅವರ ಮುಂದಿದ್ದದ್ದು ದೂರವಾಣಿಯ ಸಮಸ್ಯೆ. ಧ್ವನಿಯನ್ನು ಅಂಕಿಗಳಾಗಿ ಕಳಿಸುವಾಗ ಏರಿಳಿಯುವ ಅಲೆಯ ಪ್ರತಿ ಬೆಲೆಯನ್ನೂ ಕೆಲವೇ ನಿಗದಿತ ಮಟ್ಟಗಳಲ್ಲಿ ಒಂದಕ್ಕೆ ಇಳಿಸಬೇಕು. ಹಾಗೆ ಇಳಿಸಿದಾಗ ಆಗುವ ನಷ್ಟ ಕಡಿಮೆ ಇರಬೇಕಾದರೆ ಮಟ್ಟಗಳನ್ನು ಎಲ್ಲಿಡಬೇಕು? ಎರಡು ಮಟ್ಟಗಳ ನಟ್ಟನಡುವೆ ಗಡಿ ಇರಲಿ, ಪ್ರತಿ ಮಟ್ಟವೂ ತನ್ನ ಗಡಿಯೊಳಗಿನ ಬೆಲೆಗಳ ಸರಾಸರಿಯಲ್ಲಿರಲಿ, ಎರಡೂ ಒಟ್ಟಿಗೆ ನಿಜವಾಗುವವರೆಗೆ ಒಂದಾದ ಮೇಲೊಂದು ತಿದ್ದುತ್ತಿರೋಣ ಎಂದರು ಲಾಯ್ಡ್. 1957ರ ಆ ಬರಹ ಪತ್ರಿಕೆಯಲ್ಲಿ ಅಚ್ಚಾದದ್ದು 1982ರಲ್ಲಿ. ಅಷ್ಟರಲ್ಲಿ ಎಡ್ವರ್ಡ್ ಫೋರ್ಜಿ 1965ರಲ್ಲಿ ಇದೇ ದಾರಿಯನ್ನು ತಾವಾಗಿ ಕಂಡುಕೊಂಡಿದ್ದರು, ಜೇಮ್ಸ್ ಮ್ಯಾಕ್‌ಕ್ವೀನ್ 1967ರಲ್ಲಿ ಕೆ-ಮೀನ್ಸ್ ಎಂಬ ಹೆಸರು ಕೊಟ್ಟಾಗಿತ್ತು. ಆದರೂ ಈ ಸರದಿಯನ್ನು ಇಂದು ಬಹಳ ಜನ ಲಾಯ್ಡ್ ಅಲ್ಗಾರಿದಮ್ ಎಂದೇ ಕರೆಯುತ್ತಾರೆ. ಅದು ನ್ಯಾಯವೇ.

ಈ ಸರದಿ ಕೊನೆಗೊಮ್ಮೆ ನಿಂತೇ ನಿಲ್ಲುತ್ತದೆ ಎನ್ನಲು ಕಾರಣವಿದೆ. ಪ್ರತಿ ಚುಕ್ಕೆಗೂ ಅದರ ಕೇಂದ್ರಕ್ಕೂ ಇರುವ ದೂರದ ವರ್ಗವನ್ನು ತೆಗೆದು ಎಲ್ಲವನ್ನೂ ಕೂಡಿ. ಈ ಮೊತ್ತವೇ ವಿಧಾನದ ಅಳತೆಗೋಲು. ಹತ್ತಿರದ ಕೇಂದ್ರಕ್ಕೆ ಸೇರಿಸಿದಾಗ ಮೊತ್ತ ಏರುವುದಿಲ್ಲ. ಸರಾಸರಿಗೆ ಸರಿಸಿದಾಗಲೂ ಏರುವುದಿಲ್ಲ, ಏಕೆಂದರೆ ದೂರದ ವರ್ಗಗಳ ಮೊತ್ತ ಅತಿ ಕಡಿಮೆಯಾಗುವ ಜಾಗವೇ ಸರಾಸರಿ. ಚುಕ್ಕೆಗಳನ್ನು ಹಂಚುವ ಬಗೆಗಳು ಎಷ್ಟೇ ಹೆಚ್ಚಿದ್ದರೂ ಎಣಿಕೆಗೆ ಸಿಗುವಷ್ಟೇ. ಹಾಗಾಗಿ ಇಳಿಯುತ್ತಾ ಹೋಗುವ ಮೊತ್ತ ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮಾತ್ರ ಈ ವಾದ ಹೇಳುವುದಿಲ್ಲ.

ಈಗ ನಮ್ಮ ಚುಕ್ಕೆಗಳಿಗೆ ಬನ್ನಿ. ಮೊದಲ ಕೇಂದ್ರಗಳು (0,0) ಮತ್ತು (0,2) ಎಂದಿರಲಿ, ಎರಡೂ ಎಡಗಡೆಯವು. ಕೆಳಗಿನ ಎರಡು ಚುಕ್ಕೆಗಳು ಮೊದಲನೆಯದಕ್ಕೆ, ಮೇಲಿನ ಎರಡು ಎರಡನೆಯದಕ್ಕೆ ಸೇರುತ್ತವೆ. ಸರಾಸರಿ ತೆಗೆದರೆ ಕೇಂದ್ರಗಳು (3,0), (3,2) ಆಗುತ್ತವೆ. ಮತ್ತೆ ಹಂಚಿದರೆ ಯಾರೂ ಕದಲುವುದಿಲ್ಲ. ಪ್ರತಿ ಚುಕ್ಕೆಯೂ ಕೇಂದ್ರದಿಂದ 3 ದೂರ, ವರ್ಗ 9, ಮೊತ್ತ 36. ಎಡ-ಬಲ ಎಂದು ಭಾಗ ಮಾಡಿದ್ದರೆ ಕೇಂದ್ರಗಳು (0,1), (6,1), ಮೊತ್ತ ಬರೀ 4. ಒಂಬತ್ತು ಪಟ್ಟು ಕೆಟ್ಟ ಉತ್ತರದಲ್ಲಿ ವಿಧಾನ ಎರಡೇ ಸುತ್ತಿಗೆ ನಿಂತಿತು. ಆಯತವನ್ನು ಇನ್ನೂ ಉದ್ದ ಎಳೆದರೆ ಈ ಅಂತರಕ್ಕೆ ಮಿತಿಯೇ ಇಲ್ಲ.

ಅತ್ಯುತ್ತಮ ಉತ್ತರವನ್ನೇ ಹುಡುಕಬಾರದೇಕೆ ಎಂದು ಕೇಳಬಹುದು. ಆ ಸಮಸ್ಯೆ ಎನ್‌ಪಿ-ಕಠಿಣ, ಅಂದರೆ ಎಲ್ಲ ಸಂದರ್ಭಕ್ಕೂ ಒದಗುವ ವೇಗದ ದಾರಿ ಯಾರಿಗೂ ಸಿಕ್ಕಿಲ್ಲ, ಸಿಗುವ ನಿರೀಕ್ಷೆಯೂ ಇಲ್ಲ. ಚುಕ್ಕೆಗಳಿಗೆ ಎಷ್ಟು ಆಯಾಮಗಳಾದರೂ ಇರಬಹುದಾದರೆ ಎರಡೇ ಗುಂಪುಗಳಿಗೂ ಇದು ನಿಜ ಎಂದು 2009ರಲ್ಲಿ ತೋರಿಸಿದ ನಾಲ್ವರಲ್ಲಿ ಬೆಂಗಳೂರಿನ ಮೈಕ್ರೊಸಾಫ್ಟ್ ರಿಸರ್ಚ್‌ನ ಅಮಿತ್ ದೇಶಪಾಂಡೆ ಒಬ್ಬರು. ಅದೇ ವರ್ಷ ಮೀನಾ ಮಹಾಜನ್, ಪ್ರಾಜಕ್ತಾ ನಿಂಭೋರ್ಕರ್, ಕಸ್ತೂರಿ ವರದರಾಜನ್ ಅವರು ಗುಂಪುಗಳ ಸಂಖ್ಯೆಗೆ ಮಿತಿ ಇಲ್ಲದಿದ್ದರೆ ಸಮತಲದ ಚುಕ್ಕೆಗಳಿಗೂ ಇದೇ ಕಷ್ಟ ಎಂದು ಸಾಧಿಸಿದರು. ಹೀಗಾಗಿ ಉಳಿದ ಮುಖ್ಯ ದಾರಿ: ಒಳ್ಳೆಯ ಜಾಗದಿಂದ ಹೊರಡುವುದು.

ಹಳೆಯ ರೂಢಿ ಚುಕ್ಕೆಗಳಲ್ಲೇ ಕೆಲವನ್ನು ಚೀಟಿ ಎತ್ತಿದಂತೆ ಆರಿಸುವುದು. ನಮ್ಮ ಆಯತದಲ್ಲಿ ಮೊದಲ ಕೇಂದ್ರ ಯಾವುದೇ ಬಂದರೂ ಉಳಿದ ಮೂರರಲ್ಲಿ ಒಂದು ಕೆಟ್ಟ ಜೊತೆ, ಅಂದರೆ ಮೂರು ಸಲಕ್ಕೆ ಒಂದು ಸಲ ಸೋಲು. ಅತಿ ದೂರದ ಚುಕ್ಕೆಯನ್ನೇ ಎರಡನೆಯ ಕೇಂದ್ರ ಮಾಡಿದರೆ ಇಲ್ಲಿ ಸೋಲೇ ಇಲ್ಲ. ಆದರೆ ನಿಜವಾದ ದತ್ತಾಂಶದಲ್ಲಿ ಎಲ್ಲಕ್ಕಿಂತ ದೂರದಲ್ಲಿರುವುದು ಎಷ್ಟೋ ಸಲ ತಪ್ಪಾಗಿ ನಮೂದಾದ ಒಂಟಿ ಅಂಕಿ. ಅದು ತಾನೊಂದೇ ಒಂದು ಕೇಂದ್ರವನ್ನು ನುಂಗಿ ಕೂರುತ್ತದೆ.

ಈ ಎರಡರ ನಡುವಿನ ದಾರಿಯನ್ನು 2007ರಲ್ಲಿ ಡೇವಿಡ್ ಆರ್ಥರ್ ಮತ್ತು ಸೆರ್ಗೈ ವಸಿಲ್ವಿಟ್‌ಸ್ಕಿ ತೋರಿಸಿದರು. ಅದೇ ಕೆ-ಮೀನ್ಸ್ ಪ್ಲಸ್ ಪ್ಲಸ್. ಮೊದಲ ಕೇಂದ್ರ ಚೀಟಿಯಿಂದಲೇ ಬರುತ್ತದೆ. ಮುಂದಿನದನ್ನೂ ಚೀಟಿಯಿಂದಲೇ ಎತ್ತಬೇಕು, ಆದರೆ ಪ್ರತಿ ಚುಕ್ಕೆಗೂ ಆಗಲೇ ಇರುವ ಹತ್ತಿರದ ಕೇಂದ್ರದಿಂದ ಅದಕ್ಕಿರುವ ದೂರದ ವರ್ಗದಷ್ಟು ಚೀಟಿ ಹಾಕಬೇಕು. (0,0) ಮೊದಲು ಬಂದಿದ್ದರೆ (0,2)ಕ್ಕೆ 4 ಚೀಟಿ, (6,0)ಕ್ಕೆ 36, (6,2)ಕ್ಕೆ 40, ಒಟ್ಟು 80. ಕೆಟ್ಟ ಜೊತೆ ಬರುವ ಸಾಧ್ಯತೆ 80ರಲ್ಲಿ 4. ಮೂರಕ್ಕೊಂದು ಇದ್ದ ಸೋಲು ಇಪ್ಪತ್ತಕ್ಕೊಂದಕ್ಕೆ ಇಳಿಯಿತು. ಒಂಟಿ ಚುಕ್ಕೆಗೆ ಚೀಟಿ ಹೆಚ್ಚೇ, ಆದರೆ ದೂರದಲ್ಲಿ ಗುಂಪಾಗಿರುವ ಚುಕ್ಕೆಗಳೆಲ್ಲ ಸೇರಿದರೆ ಅವುಗಳ ಚೀಟಿ ಸಾಮಾನ್ಯವಾಗಿ ಅದನ್ನು ಮೀರುತ್ತದೆ. ಹೀಗೆ ಹೊರಟರೆ ಮೊತ್ತದ ನಿರೀಕ್ಷಿತ ಸರಾಸರಿ ಅತ್ಯುತ್ತಮ ಮೊತ್ತದ 8(ln k + 2) ಪಟ್ಟನ್ನು ಮೀರದು ಎಂದು ಅವರು ಸಾಧಿಸಿಯೂ ತೋರಿಸಿದರು. ಐವತ್ತು ವರ್ಷ ಅದೃಷ್ಟಕ್ಕೆ ಬಿಟ್ಟಿದ್ದ ಹೆಜ್ಜೆಗೆ ಇಷ್ಟು ಸರಳ ಉಪಾಯ ಇಂಥ ಖಾತರಿ ಕೊಟ್ಟದ್ದು ಈ ಚರಿತ್ರೆಯ ಅತಿ ದೊಡ್ಡ ತಿರುವು ಎಂದೇ ನನ್ನ ಭಾವನೆ.

ನಿಲ್ಲಿಸುವ ಪರೀಕ್ಷೆಗೂ ತನ್ನದೇ ಕಥೆಯಿದೆ. ಯಾರೂ ಗುಂಪು ಬದಲಿಸದವರೆಗೆ ಕಾಯುವುದೆಂದರೆ ಎಷ್ಟು ಸುತ್ತು? ಸಮತಲದ ಚುಕ್ಕೆಗಳಿಗೂ ಸುತ್ತುಗಳು ಘಾತೀಯವಾಗಿ ಬೆಳೆಯುವಂಥ ಜೋಡಣೆಗಳಿವೆ ಎಂದು ಆಂಡ್ರಿಯಾ ವಟ್ಟಾನಿ ತೋರಿಸಿದ್ದಾರೆ. ದಿನಬಳಕೆಯ ದತ್ತಾಂಶದಲ್ಲಿ ಹಾಗಾಗುವುದು ಅಪರೂಪ. ಆದರೆ ಕೊನೆಯ ಸುತ್ತುಗಳಲ್ಲಿ ಬೆರಳೆಣಿಕೆಯ ಚುಕ್ಕೆಗಳು ಗಡಿ ದಾಟುತ್ತಾ ಮೊತ್ತ ಕೂದಲೆಳೆಯಷ್ಟೇ ಇಳಿಯುತ್ತಿರುವುದು ಸಾಮಾನ್ಯ. ಅದಕ್ಕೇ ಕೇಂದ್ರಗಳ ಚಲನೆ ಒಂದು ಸಣ್ಣ ಅಳತೆಗಿಂತ ಕಡಿಮೆಯಾದರೆ ಸಾಕೆಂದು ನಿಲ್ಲಿಸುತ್ತಾರೆ. ಆ ಸಣ್ಣ ಅಳತೆ ಎಷ್ಟು ಎಂಬಲ್ಲಿ ಎಡವುವವರು ಬಹಳ. 0.0001 ಎಂದು ಇಟ್ಟರೆ ಮೀಟರಿನಲ್ಲಿ ಅಳೆದ ದತ್ತಾಂಶಕ್ಕೂ ಕಿಲೋಮೀಟರಿನಲ್ಲಿ ಅಳೆದ ಅದೇ ದತ್ತಾಂಶಕ್ಕೂ ಅರ್ಥ ಬೇರೆ. ಸೈಕಿಟ್-ಲರ್ನ್ ಗ್ರಂಥಾಲಯ ಇದನ್ನು ತಪ್ಪಿಸಲು ಕೊಟ್ಟ ಅಂಕಿಯನ್ನು ದತ್ತಾಂಶದ ಹರವಿನಿಂದ ಗುಣಿಸಿಕೊಳ್ಳುತ್ತದೆ. ನಾವೇ ಬರೆದ ಪ್ರೋಗ್ರಾಂ ಆದರೆ ಆ ಜವಾಬ್ದಾರಿ ನಮ್ಮದು. ಸೈಕಿಟ್-ಲರ್ನ್‌ನಲ್ಲಿ ಹೀಗೆ ಬರೆಯಬಹುದು:

```python
KMeans(n_clusters=2, init="k-means++",
       n_init=10, tol=1e-4, max_iter=300)
```

ಇಲ್ಲಿ `n_init=10` ಎಂದು ಕೈಯಾರೆ ಬರೆದಿರುವುದನ್ನು ಗಮನಿಸಿ. ಇತ್ತೀಚಿನ ಆವೃತ್ತಿಗಳಲ್ಲಿ ಅದನ್ನು ಬಿಟ್ಟರೆ ಕೆ-ಮೀನ್ಸ್ ಪ್ಲಸ್ ಪ್ಲಸ್ ಒಂದೇ ಸಲ ಓಡುತ್ತದೆ. ನಾಲ್ಕು ಚುಕ್ಕೆಯಾದರೆ ತಪ್ಪು ಕಣ್ಣಿಗೆ ಕಾಣುತ್ತದೆ, ಇಪ್ಪತ್ತು ಕಾಲಂಗಳ ದತ್ತಾಂಶದಲ್ಲಿ ಕಾಣುವುದಿಲ್ಲ. ಆದ್ದರಿಂದ ಬೇರೆ ಬೇರೆ `random_state` ಕೊಟ್ಟು ಕೆಲವು ಸಲ ಓಡಿಸಿ, ಪ್ರತಿ ಸಲದ ಮೊತ್ತವನ್ನು ಹೇಳುವ `inertia_` ಬರೆದಿಟ್ಟುಕೊಳ್ಳಿ. ಅಂಕಿಗಳು ಒಂದಕ್ಕೊಂದು ದೂರವಿದ್ದರೆ ಆ ಗುಂಪುಗಳನ್ನು ಇನ್ನೂ ಯಾರಿಗೂ ತೋರಿಸಬೇಡಿ.